ನಿದ್ದೆಗೆಡಿಸುವ ಮಾತ್ರೆಗಳು

ನಿದ್ದೆ ಬರುತ್ತಿಲ್ಲ ಎಂದವರಿಗೆ ಚಿಂತೆ ಬಿಡಿ, ಮೊಬೈಲ್ ದೂರವಿಡಿ ಎಂಬ ಸಲಹೆ ಧಾರಾಳವಾಗಿ ಸಿಗುತ್ತದೆ. ಬೇರೆ ಕಾಯಿಲೆಗೆಂದು ಯಾವ ಮಾತ್ರೆಯನ್ನು ಎಷ್ಟು ಹೊತ್ತಿಗೆ ನುಂಗುತ್ತಿದ್ದೀರಿ ಎಂದು ವಿಚಾರಿಸುವವರು ಕಡಿಮೆ. ನಿದ್ರೆಮಾತ್ರೆ ಬರೆಯುವ ಮೊದಲು ಈ ಪ್ರಶ್ನೆ ಬರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ರಕ್ತದೊತ್ತಡ, ಎದೆನೋವು, ಮೈಗ್ರೇನ್‌ಗಳಿಗೆ ಕೊಡುವ ಬೀಟಾ ಬ್ಲಾಕರ್‌ಗಳನ್ನೇ ನೋಡಿ. ಕತ್ತಲಾದ ಮೇಲೆ ಮೆದುಳಿನ ಪೀನಿಯಲ್ ಗ್ರಂಥಿ ನಿದ್ದೆಗೆ ಅಣಿಗೊಳಿಸುವ ಮೆಲಟೋನಿನ್ ಹಾರ್ಮೋನನ್ನು ಸ್ರವಿಸಬೇಕಾದರೆ ಅದರ ಬೀಟಾ ಗ್ರಾಹಕಗಳಿಗೆ ನರಗಳಿಂದ ಸಂದೇಶ ತಲುಪಬೇಕು. ಹೃದಯದಲ್ಲಿ ಇಂಥದೇ ಗ್ರಾಹಕಗಳನ್ನು ಮುಚ್ಚುವ ಮಾತ್ರೆ ಇಲ್ಲಿಯೂ ಅದೇ ಕೆಲಸ ಮಾಡುವುದರಿಂದ ರಾತ್ರಿಯ ಮೆಲಟೋನಿನ್ ಕುಗ್ಗುತ್ತದೆ. ಇದಲ್ಲದೆ ಪ್ರೊಪ್ರನಲಾಲ್, ಮೆಟೊಪ್ರೊಲಾಲ್ ಎಂಬ ಬೀಟಾ ಬ್ಲಾಕರ್‌ಗಳು ಕೊಬ್ಬಿನಲ್ಲಿ ಕರಗುವಂಥವಾದ್ದರಿಂದ ಸುಲಭವಾಗಿ ಮೆದುಳನ್ನು ಹೊಕ್ಕು ಕೆಲವರಲ್ಲಿ ಕೆಟ್ಟ ಕನಸುಗಳನ್ನೂ ತರುತ್ತವೆ. ಅದೇ ಗುಂಪಿನ ಅಟೆನಲಾಲ್ ಮೆದುಳಿಗೆ ಹೋಗುವುದು ಕಡಿಮೆ. ಆದರೆ ಪೀನಿಯಲ್ ಗ್ರಂಥಿಯು ರಕ್ತದಲ್ಲಿನ ಔಷಧ ಮೆದುಳನ್ನು ಹೊಗದಂತೆ ತಡೆಯುವ ರಕ್ತ-ತಡೆಗೋಡೆಯ ಹೊರಗಿರುವುದರಿಂದ ಅಟೆನಲಾಲ್ ಕೂಡ ಮೆಲಟೋನಿನ್ ಇಳಿಸಬಲ್ಲದು. 2012ರಲ್ಲಿ ಪ್ರಕಟವಾದ ಸಣ್ಣ ಅಧ್ಯಯನವೊಂದರಲ್ಲಿ ಈ ಔಷಧಗಳನ್ನು ಸೇವಿಸುತ್ತಿದ್ದ 16 ಮಂದಿಯಲ್ಲಿ ಕೆಲವರಿಗೆ ಮೂರು ವಾರ ರಾತ್ರಿ 2.5 ಮಿಲಿಗ್ರಾಂ ಮೆಲಟೋನಿನ್, ಉಳಿದವರಿಗೆ ಹುಸಿಮಾತ್ರೆ ಕೊಟ್ಟು ನೋಡಿದಾಗ, ಮೆಲಟೋನಿನ್ ಪಡೆದವರು ಸರಾಸರಿ 36 ನಿಮಿಷ ಹೆಚ್ಚು ನಿದ್ರಿಸಿದರು. ಅಷ್ಟು ಚಿಕ್ಕ ಗುಂಪಿನ ಫಲಿತಾಂಶ ನೋಡಿ ತಾವೇ ಮೆಲಟೋನಿನ್ ಕೊಳ್ಳುವುದು ಬೇಡ.

ಮೈಗ್ರೇನ್ ತಡೆಯಲು ಪ್ರೊಪ್ರನಲಾಲ್ 40 ಮಿಲಿಗ್ರಾಂ ಬೆಳಿಗ್ಗೆ, ರಾತ್ರಿ ಎಂದು ಶುರುಮಾಡಿದವರೊಬ್ಬರನ್ನು ಊಹಿಸಿಕೊಳ್ಳಿ. ಎರಡನೆಯ ವಾರದಿಂದ ನಿಜವೆಂಬಷ್ಟು ಸ್ಪಷ್ಟವಾದ ಕನಸುಗಳು, ನಡುರಾತ್ರಿ ಪದೇಪದೇ ಎಚ್ಚರ, ಹಗಲು ಸುಸ್ತು. ಇದನ್ನು ಆತಂಕವೆಂದು ತಿಳಿದು ನಿದ್ರೆಮಾತ್ರೆ ಸೇರಿಸಿದರೆ ಮೂಲ ಕಾರಣ ಹಾಗೆಯೇ ಉಳಿದು ಚೀಟಿ ಮಾತ್ರ ಉದ್ದವಾಗುತ್ತದೆ. ಮಾತ್ರೆ ಶುರುವಾದ ದಿನ, ನಿದ್ದೆ ಕೆಟ್ಟ ದಿನ ಎರಡನ್ನೂ ಅಕ್ಕಪಕ್ಕ ಬರೆದುಕೊಂಡು ಹೋದರೆ ವೈದ್ಯರು ರಾತ್ರಿಯ ಡೋಸನ್ನು ಮುಂಚೆ ತರಬಹುದು, ಪ್ರಮಾಣ ತಗ್ಗಿಸಬಹುದು, ಇಲ್ಲವೇ ಬೇರೆ ಔಷಧ ಆರಿಸಬಹುದು. ತಾವಾಗಿಯೇ ಒಮ್ಮೆಗೇ ನಿಲ್ಲಿಸುವುದು ಮಾತ್ರ ಅಪಾಯ: ಹೃದಯ ಬಡಿತ, ರಕ್ತದೊತ್ತಡ ತಟ್ಟನೆ ಏರಬಹುದು, ಹೃದ್ರೋಗಿಗಳಲ್ಲಿ ಎದೆನೋವು ಮರುಕಳಿಸಬಹುದು.

ಸ್ಟೆರಾಯ್ಡ್‌ಗಳ ವಿಷಯದಲ್ಲಿ ಉಪಾಯ ಇಷ್ಟು ಕಷ್ಟವಲ್ಲ. ದೇಹದ ಸ್ವಂತ ಸ್ಟೆರಾಯ್ಡ್ ಹಾರ್ಮೋನಾದ ಕಾರ್ಟಿಸಾಲ್ ಬೆಳಗಿನ ಹೊತ್ತಿಗೆ ಏರಿ ರಾತ್ರಿಗೆ ಇಳಿಯುವುದರಿಂದ, ಪ್ರೆಡ್ನಿಸಲೋನ್ ಎಂಬ ಸ್ಟೆರಾಯ್ಡ್ ಮಾತ್ರೆಯ ದಿನದ ಡೋಸನ್ನು ಸಾಮಾನ್ಯವಾಗಿ ಬೆಳಿಗ್ಗೆ ತಿಂಡಿಯ ಜೊತೆ ಒಮ್ಮೆಗೇ ಕೊಡುತ್ತಾರೆ. ಸಂಜೆಗೆ ಸರಿದ ಡೋಸು ರಾತ್ರಿಯಿಡೀ ಕಣ್ಣು ಬಿಡಿಸಬಲ್ಲದು.

ಇನ್ನು ಕಟ್ಟಿದ ಮೂಗು ಬಿಡಿಸುವ ಸ್ಯೂಡೋಎಫೆಡ್ರಿನ್. ನೆಗಡಿ ಮಾತ್ರೆ ಎಂದರೆ ತೂಕಡಿಕೆ ಎಂಬ ನಂಬಿಕೆ ಬಂದದ್ದು ಹಲವು ಮಾತ್ರೆಗಳಲ್ಲಿ ಬೆರೆತಿರುವ ಅಲರ್ಜಿ ಔಷಧದಿಂದ. ಅದಿಲ್ಲದ ಮಾತ್ರೆಯನ್ನು ರಾತ್ರಿ ಮಲಗುವ ಮುನ್ನ ನುಂಗಿದವರು ಮೂಗು ಬಿಟ್ಟಿದ್ದರೂ ಎದೆ ಡವಡವ ಎನ್ನುತ್ತಾ ಎಚ್ಚರವಾಗಿರಬಹುದು. ಪೊಟ್ಟಣದ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿರುವ ಘಟಕಗಳ ಹೆಸರನ್ನು ಓದಿದರೆ ಮಾತ್ರ ಈ ವ್ಯತ್ಯಾಸ ತಿಳಿಯುತ್ತದೆ.