ಕಾಲುವೆಯ ಪೈಪು ಮತ್ತು ‘ಅದು ಎಐ ಫೋಟೋ’ ಎಂಬ ಉತ್ತರ

ಪ್ರಶ್ನೆ: ಅಸಲಿ ಫೋಟೋ ಅಸಲಿಯೆಂದು ತೋರಿಸುವ ಹೊಣೆ ಅದನ್ನು ತೆಗೆದವನದೇ?

ಪರ

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ, ಮಾನ್ವಿ ಕಡೆಯ ರೈತನೊಬ್ಬ ತನ್ನ ಹೊಲಕ್ಕೆ ನೀರು ಏಕೆ ತಲುಪುತ್ತಿಲ್ಲವೆಂದು ನೋಡಲು ಮೇಲ್ಭಾಗಕ್ಕೆ ಹೋಗಿ, ಕಾಲುವೆಗೆ ಇಳಿಬಿಟ್ಟ ಪಂಪ್‌ಸೆಟ್ ಪೈಪುಗಳ ಫೋಟೋ ತೆಗೆದನೆಂದು ಇಟ್ಟುಕೊಳ್ಳೋಣ. ಫೋಟೋ ವಾಟ್ಸ್‌ಆ್ಯಪ್‌ನಲ್ಲಿ ಹರಡಿದ ಸಂಜೆಯೇ ಪೈಪಿನ ಒಡೆಯ ‘ಇದು ಎಐ ಫೋಟೋ’ ಎನ್ನುತ್ತಾನೆ. ಬೆಳಗಾಗುವಷ್ಟರಲ್ಲಿ ಪೈಪೂ ಇರುವುದಿಲ್ಲ. ನಕಲಿ ಚಿತ್ರಗಳು ಹೆಚ್ಚಿದಂತೆಲ್ಲ ಅಸಲಿಯನ್ನೂ ನಕಲಿಯೆಂದು ತಳ್ಳಿಹಾಕುವವನಿಗೆ ಸಿಗುವ ಈ ಅನುಕೂಲವನ್ನು ಅಮೆರಿಕದ ಕಾನೂನು ವಿದ್ವಾಂಸರಾದ ರಾಬರ್ಟ್ ಚೆಸ್ನಿ ಮತ್ತು ಡೇನಿಯಲ್ ಸಿಟ್ರನ್ ‘ಸುಳ್ಳುಗಾರನ ಲಾಭಾಂಶ’ ಎಂದು ಕರೆದರು.

ಈ ಲಾಭ ಎಲ್ಲ ಕಡೆಯೂ ಸಿಗುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ಆ ಫೋಟೋ ಸುಳ್ಳೆಂದು ಯಾರಾದರೂ ಹೇಳಿದ್ದರೂ ದಕ್ಕುತ್ತಿರಲಿಲ್ಲ, ಏಕೆಂದರೆ ಮುನಿರಾಬಾದಿಗೆ ಹೋದವರಿಗೆ ಅದು ಕಣ್ಣೆದುರೇ ಇತ್ತು. ರಾತ್ರೋರಾತ್ರಿ ಎತ್ತಿಡಬಹುದಾದ ವಸ್ತುವಿನ ಫೋಟೋಗೆ ಮಾತ್ರ ಈ ಅಪಾಯ. ಆದ್ದರಿಂದ ಅಂಥದ್ದನ್ನು ತೆಗೆಯುವವನೇ ಆ ಹೊತ್ತಿನಲ್ಲಿ ಎಚ್ಚರ ವಹಿಸಬೇಕು.

ಮೊದಲನೆಯದಾಗಿ, ಮೂಲ ಕಡತವನ್ನು ಮುಟ್ಟದೆ ಉಳಿಸಿಕೊಳ್ಳಬೇಕು. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಅದು ಕುಗ್ಗುತ್ತದೆ, ತೆಗೆದ ಸಮಯ ಮತ್ತು ಸ್ಥಳದ ವಿವರಗಳು ಅಳಿಸಿಹೋಗುತ್ತವೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಮೂಲ ಹಾಗೆಯೇ ಹೋಗುತ್ತದೆ. ಎರಡನೆಯದಾಗಿ, ಒಂದೇ ಫೋಟೋ ಸಾಲದು. ಪೈಪಿನಿಂದ ಆರಂಭಿಸಿ ಹತ್ತಿರದ ತೂಬು, ಸೇತುವೆ, ಏರಿಯ ಮರದವರೆಗೆ ಕ್ಯಾಮೆರಾ ನಿಧಾನವಾಗಿ ತಿರುಗಿಸಿದ ವಿಡಿಯೊ ಇದ್ದರೆ, ಪೈಪು ಹೋದ ಮೇಲೂ ಮರ ಮತ್ತು ತೂಬು ಅಲ್ಲೇ ನಿಂತು ಸಾಕ್ಷಿ ಹೇಳುತ್ತವೆ.

ಇನ್ನು ಹ್ಯಾಶ್. ಇದು ಕಡತದಿಂದ ಲೆಕ್ಕಹಾಕಿ ತೆಗೆಯುವ ಗುರುತು. SHA-256 ವಿಧಾನದಲ್ಲಿ 64 ಅಕ್ಷರ-ಅಂಕೆಗಳ ಸಾಲಾಗಿ ಬರುತ್ತದೆ, ಕಡತದಲ್ಲಿ ಒಂದು ಚುಕ್ಕೆ ಬದಲಾದರೂ ಸಾಲು ಪೂರ್ತಿ ಬೇರೆಯಾಗುತ್ತದೆ. ಲಿನಕ್ಸ್ ಕಂಪ್ಯೂಟರಿನಲ್ಲಿ kaluve.jpg ಎಂಬ ಫೋಟೋದ ಹ್ಯಾಶ್ ಪಡೆಯುವ ಆದೇಶ ಹೀಗಿದೆ:

```
sha256sum kaluve.jpg
```

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಡಿ ಡಿಜಿಟಲ್ ಸಾಕ್ಷ್ಯದೊಂದಿಗೆ ಸಲ್ಲಿಸುವ ಪ್ರಮಾಣಪತ್ರದ ನಮೂನೆಯಲ್ಲಿ ಈ ಗುರುತನ್ನೇ ಬರೆಯಬೇಕು. ಆದರೆ ಹ್ಯಾಶ್ ಹೇಳುವುದು ಲೆಕ್ಕಹಾಕಿದ ನಂತರ ಕಡತ ಬದಲಾಗಿಲ್ಲವೆಂದಷ್ಟೇ. ಚಿತ್ರದಲ್ಲಿರುವುದು ನಿಜವೆಂದು ಅದು ಹೇಳುವುದಿಲ್ಲ. ಆದ್ದರಿಂದ ತೆಗೆದ ದಿನವೇ ಅದನ್ನು ದೂರಿನ ಅರ್ಜಿಯಲ್ಲಿ ಬರೆದು ಸ್ವೀಕೃತಿ ಪಡೆಯಬೇಕು.

ವಿರೋಧ

ಮೇಲಿನ ಸಲಹೆಗಳೆಲ್ಲ ಸರಿ, ಆದರೆ ಹೊಣೆಯನ್ನು ಹೊರಿಸಿದ ಹೆಗಲು ತಪ್ಪು. ಎದುರಾಳಿಗೆ ಮೂರು ಪದಗಳಷ್ಟೇ ಖರ್ಚು. ನೀರಿಲ್ಲದ ಹೊಲದವನು ಮಾತ್ರ ವಿಡಿಯೊ, ಹ್ಯಾಶ್, ಪ್ರಮಾಣಪತ್ರ, ಸ್ವೀಕೃತಿ ಎಂದು ಅಲೆಯಬೇಕು. ಇದನ್ನೇ ನಿಯಮವಾಗಿಸಿದರೆ ಹ್ಯಾಶ್ ಇಲ್ಲದ ಪ್ರತಿ ಫೋಟೋವೂ ಸುಳ್ಳೆಂಬ ತೀರ್ಮಾನ ತಾನಾಗಿಯೇ ಬರುತ್ತದೆ, ಸುಳ್ಳುಗಾರನಿಗೆ ಬೇಕಾದದ್ದೂ ಅದೇ. ಮೇಲಾಗಿ ಮೂಲ ಕಡತದಲ್ಲಿ ಸ್ಥಳ ಮತ್ತು ನಿಮಿಷ ನಮೂದಾಗಿರುವುದರಿಂದ, ಫೋಟೋ ತೆಗೆದವನು ಯಾರೆಂದು ಏರಿಯ ಮೇಲೆ ಹುಡುಕುವವರಿಗೆ ಅದು ದಾರಿ ತೋರಿಸುತ್ತದೆ. ಅದನ್ನು ಗುಂಪಿಗೆ ಹಾಕೆಂದು ಯಾರೂ ಹೇಳಬಾರದು, ತನಿಖೆ ಮಾಡುವ ಅಧಿಕಾರಿಗೆ ಮಾತ್ರ ಕೊಡಬೇಕು.

ಎಐ ಪತ್ತೆಹಚ್ಚುವ ತಂತ್ರಾಂಶಕ್ಕೆ ಹಾಕಿ ನೋಡಿ ಎನ್ನುವವರೂ ಇದ್ದಾರೆ. ಹತ್ತು ಸಲ ಫಾರ್ವರ್ಡ್ ಆಗಿ ಸವೆದ ಚಿತ್ರದ ಮೇಲೆ ಅವುಗಳ ತೀರ್ಪು ನಂಬುವಂಥದ್ದಲ್ಲ. ಅಸಲಿಯನ್ನು ಒಮ್ಮೆ ‘ಬಹುಶಃ ಎಐ’ ಎಂದುಬಿಟ್ಟರೆ ಆ ಸ್ಕ್ರೀನ್‌ಶಾಟ್ ಎದುರಾಳಿಯ ಕೈಯ ಆಯುಧವಾಗುತ್ತದೆ.

ಬದಲಿಗೆ ಆರೋಪಿಸಿದವನನ್ನೇ ಕೇಳಬೇಕು: ಚಿತ್ರದ ಯಾವ ಭಾಗ ಸುಳ್ಳು, ಏಕೆ? 2024ರ ಆಗಸ್ಟ್‌ನಲ್ಲಿ ಡೆಟ್ರಾಯಿಟ್ ವಿಮಾನ ನಿಲ್ದಾಣದಲ್ಲಿ ಕಮಲಾ ಹ್ಯಾರಿಸ್ ಸಭೆಗೆ ಸೇರಿದ ಜನಸಂದಣಿಯ ಫೋಟೋ ಎಐ ಸೃಷ್ಟಿ ಎಂದು ಡೊನಾಲ್ಡ್ ಟ್ರಂಪ್ ಹೇಳಿದಾಗ, ವಿಮಾನದ ಹೊಳೆಯುವ ಮೈಯಲ್ಲಿ ಜನರ ಪ್ರತಿಬಿಂಬವಿಲ್ಲವೆಂಬ ಕಾರಣವನ್ನೂ ಕೊಟ್ಟರು. ಕಾರಣ ಕೊಟ್ಟಿದ್ದರಿಂದಲೇ ಪರೀಕ್ಷೆ ಸುಲಭವಾಯಿತು: ಬೇರೆ ಬೇರೆ ಸುದ್ದಿಸಂಸ್ಥೆಗಳು ಬೇರೆ ಕೋನಗಳಿಂದ ತೆಗೆದ ಫೋಟೋ, ವಿಡಿಯೊಗಳಲ್ಲಿ ಅದೇ ಜನಸಂದಣಿ ಕಂಡಿತು. ಚಿತ್ರವನ್ನು ಉಳಿಸಿದ್ದು ಯಾವ ಮುದ್ರೆಯೂ ಅಲ್ಲ, ಪರಸ್ಪರ ಪರಿಚಯವಿಲ್ಲದ ಹಲವು ಕ್ಯಾಮೆರಾಗಳು. ನಮ್ಮ ಕಾಲುವೆಯ ಏರಿಯ ಮೇಲೆ ಅಷ್ಟು ಕ್ಯಾಮೆರಾಗಳಿರುವುದಿಲ್ಲ ಎಂಬುದನ್ನು ಒಪ್ಪುತ್ತೇನೆ, ಮತ್ತು ನನ್ನ ವಾದದ ದುರ್ಬಲ ಜಾಗವೂ ಅದೇ.

ಆದರೂ ಅಲ್ಲಿ ಬೇರೆ ಗುರುತುಗಳಿರುತ್ತವೆ. ಪೈಪು ಎಳೆದೊಯ್ದರೂ ಏರಿಯ ಹಸಿ ಮಣ್ಣಿನಲ್ಲಿ ಅದು ಕೂತಿದ್ದ ಸಾಲು, ಮೋಟಾರು ಇಟ್ಟಿದ್ದ ಕಲ್ಲುಗಳು, ಚೆಲ್ಲಿದ ಎಣ್ಣೆಯ ಕಲೆ ಒಂದೆರಡು ದಿನ ಉಳಿಯುತ್ತವೆ. ದೂರು ಬಂದ ಕಚೇರಿಯವರು ‘ಮೊದಲು ಫೋಟೋ ಅಸಲಿಯೆಂದು ಸಾಬೀತುಮಾಡಿ’ ಎಂದು ರೈತನನ್ನು ವಾರಗಟ್ಟಲೆ ಅಲೆಸುವ ಬದಲು, ಫೋಟೋ ಹಿಡಿದುಕೊಂಡು ಅದೇ ದಿನ ಆ ತೂಬಿನ ಬಳಿಗೆ ಜೀಪು ಕಳಿಸಬೇಕು.