ದಯವಿಟ್ಟು ಬ್ಯಾಟರಿ ಇಲ್ಲದ್ದು ತನ್ನಿ

ನಿನ್ನೆ ನನ್ನ ಮಗ ಪುಟ್ಟನಿಗೆ ಏಳು ತುಂಬಿತು. ಅವನಿಗೆ ಆಟಿಸಂ ಇದೆ, ದಿಢೀರ್ ಸದ್ದು ತಡೆಯೋಕಾಗಲ್ಲ. ಬಲೂನ್ ಬೇಡ, ಚಪ್ಪಾಳೆ ಬೇಡ, ಹಾಡೂ ಬೇಡ, ಮನೆಮಂದಿ ಆರು ಜನ ಸಾಕು ಅಂತ ವಾರದ ಮುಂಚೆಯೇ ಎಲ್ಲರಿಗೂ ಫೋನ್ ಮಾಡಿ ಹೇಳಿದ್ದೆ. "ನಮಗೆ ಗೊತ್ತಿಲ್ವೇನಮ್ಮ" ಅಂದಿದ್ದರು. ಸಂಜೆ ಐದೂವರೆಗೆ ಚಿಕ್ಕಪ್ಪ ಬಂದರು, ಕಂಕುಳಲ್ಲಿ ಒಂದು ದೊಡ್ಡ ಪೊಲೀಸ್ ಜೀಪು. ಚಪ್ಪಲಿ ಬಿಡುವ ಮೊದಲೇ ಅದರ ಗುಂಡಿ ಒತ್ತಿದರು.

ಆಮೇಲೆ ನಲವತ್ತು ನಿಮಿಷ ಪುಟ್ಟ ಮಂಚದ ಕೆಳಗೆ. ಎರಡೂ ಕೈ ಕಿವಿ ಮೇಲೆ, ಮೊಣಕಾಲು ಎದೆಗೆ. ಪಾಯಸ ಆರಿತು. ಚಿಕ್ಕಪ್ಪ ಮಾತ್ರ "ಗಂಡುಹುಡುಗ, ಒಂದು ಜೀಪಿಗೆ ಹೆದರಿದ್ರೆ ಹೇಗಮ್ಮ? ಅಭ್ಯಾಸ ಮಾಡಿಸ್ಬೇಕು" ಅಂತ ಚಕ್ಕುಲಿ ಮುರಿಯುತ್ತಿದ್ದರು.

ಅಭ್ಯಾಸ! ಏಳು ವರ್ಷದಿಂದ ಈ ಮಾತು ಕೇಳಿ ನನಗೇ ಅಭ್ಯಾಸ ಆಗಿಲ್ಲ.

ಇನ್ನೊಂದು ವಾದ ನಮ್ಮತ್ತೆಯದು. ಅವನೇ ದಿನವಿಡೀ ಊಂಂ ಅಂತ ಗುನುಗುತ್ತಾನೆ, ಸ್ಟೀಲ್ ತಟ್ಟೆ ಗರಗರ ತಿರುಗಿಸುತ್ತಾನೆ, ಆಗ ಕಿವಿ ನೋಯಲ್ವಾ? ಕೇಳೋಕೆ ನ್ಯಾಯವಾಗೇ ಇದೆ. ಆದರೆ ಅವನು ಮಾಡುವ ಸದ್ದು ಯಾವಾಗ ಶುರುವಾಗುತ್ತೆ, ಯಾವಾಗ ನಿಲ್ಲುತ್ತೆ ಅಂತ ಅವನಿಗೆ ಗೊತ್ತು. ಜೀಪಿನದು ಗೊತ್ತಿಲ್ಲ. ಹೊರಗಿನ ಗದ್ದಲ ಮುಚ್ಚಿಹಾಕೋಕೂ ಅವನು ಗುನುಗುತ್ತಾನೆ. ಕುಕ್ಕರ್ ಸೀಟಿಗೆ ಮೊದಲು ಬೀದಿಗೇ ಓಡುತ್ತಿದ್ದ. ಈಗ ಒಲೆ ಹಚ್ಚುವಾಗ ಮೂರು ಬೆರಳು ತೋರಿಸುತ್ತೇನೆ. ಅವನು ಅಡುಗೆಮನೆ ಬಾಗಿಲಲ್ಲಿ ನಿಂತು, ಒಂದೊಂದು ಸೀಟಿಗೆ ಒಂದೊಂದು ಬೆರಳು ಮಡಚುತ್ತಾನೆ. ಕುಕ್ಕರೇನೂ ಮೆತ್ತಗಾಗಿಲ್ಲ. ಎಷ್ಟು ಸಲ ಕೂಗುತ್ತೆ ಅಂತ ಲೆಕ್ಕ ಸಿಕ್ಕಿದೆ, ಅಷ್ಟೇ. ಅಭ್ಯಾಸ ಅಂದರೆ ಇದು ಚಿಕ್ಕಪ್ಪ, ಹೊಸ್ತಿಲಲ್ಲಿ ನಿಂತು ಸೈರನ್ ಹೊಡೆಯೋದಲ್ಲ.

ಕೂಗುವ ಆಟಿಕೆ ಬಂದೇಬಿಟ್ಟರೆ ಒಂದು ಉಪಾಯ ಇದೆ. ಅದರ ಹೊಟ್ಟೆ ಕೆಳಗೆ ಸಣ್ಣ ಸಣ್ಣ ತೂತುಗಳಿರುತ್ತವೆ, ಅಲ್ಲಿಂದಲೇ ಸದ್ದು ಬರೋದು. ಅದರ ಮೇಲೆ ದಪ್ಪ ಟೇಪು ಎರಡು ಪದರ ಅಂಟಿಸಿ. ಆಮೇಲೆ ನಿಮ್ಮ ಕಿವಿಗೇ ಹಿಡಿದು ನೋಡಿ. ಮಕ್ಕಳು ಆಟಿಕೆಯನ್ನು ಕಿವಿಗೇ ಒತ್ತಿಕೊಳ್ಳುತ್ತಾರೆ, ನಮ್ಮ ಹಾಗೆ ಕೈ ದೂರ ಚಾಚಿ ಹಿಡಿಯಲ್ಲ. ಆಗಲೂ ಜೋರಿದ್ದರೆ ಬ್ಯಾಟರಿ ತೆಗೆದಿಡಿ.

ಹಾಗಾದ್ರೆ ಏನು ತರ್ಲಿ ಅಂತ ಕೇಳ್ತೀರಾ? ಎರಡು ಕೆಜಿ ರಾಗಿ ತನ್ನಿ. ತಮಾಷೆ ಅಲ್ಲ.

ಇದರ ಹಿಂದೆ ನನ್ನದೊಂದು ತಪ್ಪೊಪ್ಪಿಗೆ ಇದೆ. ಎರಡು ವರ್ಷದ ಹಿಂದೆ ಯಾರೋ ಬಣ್ಣದ ಅಂಟಂಟು ಲೋಳೆ ಡಬ್ಬ ತಂದಿದ್ದರು. ವಿಡಿಯೋಗಳಲ್ಲಿ ಎಲ್ಲ ಮಕ್ಕಳೂ ಅದನ್ನು ಹಿಸುಕುತ್ತಾ ನಗುತ್ತಿದ್ದವು. ನಾನು ಪುಟ್ಟನ ಮಣಿಕಟ್ಟು ಹಿಡಿದು ಅದರೊಳಗೆ ಒತ್ತಿಬಿಟ್ಟೆ. ಅವನು ಅಲ್ಲೇ ವಾಂತಿ ಮಾಡಿದ. ಆಮೇಲೆ ನಾಲ್ಕು ತಿಂಗಳು ನಾನು ಚಪಾತಿ ಹಿಟ್ಟು ಕಲಸಿದರೂ ಆ ಕಡೆ ಬರಲಿಲ್ಲ. ಚಿಕ್ಕಪ್ಪನ ಮೇಲೆ ಕೂಗಾಡುವ ಹಕ್ಕು ನನಗೆ ಪೂರ್ತಿ ಇಲ್ಲ, ಗೊತ್ತು. ಆದ್ರೂ ಕೂಗಾಡ್ತೀನಿ.

ಥೆರಪಿ ಮೇಡಂ ಆಗ ಹೇಳಿದ್ದು ಇಷ್ಟೇ. ಒಣಗಿದ್ದು ಮೊದಲು, ಒದ್ದೆಯದ್ದು ಕೊನೆಗೆ. ಕೈ ಅವನದು, ಒಳಗೆ ಹಾಕೋನೂ ಅವನೇ. ಅಗಲವಾದ ಪ್ಲಾಸ್ಟಿಕ್ ಟಬ್ಬಿಗೆ ರಾಗಿ ಸುರಿದೆವು. ಹಿಟ್ಟಲ್ಲ, ಕಾಳು. ಮೊದಲ ದಿನ ಸ್ಟೀಲ್ ಪರಾತಕ್ಕೆ ಸುರಿದಿದ್ದೆ. ಝಲ್ ಅಂದದ್ದೇ ತಡ, ಮಂಚದ ಕೆಳಗೆ ಹೋದ. ಈಗ ಟಬ್ಬಿನ ಕೆಳಗೆ ಟವೆಲ್ ಹಾಸುತ್ತೇನೆ, ಒಳಗೆ ಮರದ ಸೌಟು ಇಡುತ್ತೇನೆ. ಮೊದಲ ವಾರ ಬರೀ ಸೌಟಿನಲ್ಲಿ ಎತ್ತಿ ಸುರಿದ. ಎರಡನೇ ವಾರ ಸಣ್ಣ ಬಟ್ಟಲಲ್ಲಿ. ಅಲ್ಲಿ ಉಗುರಿಗೆ ಕಾಳು ತಾಗುತ್ತೆ. ಮೂರನೇ ವಾರ ಒಂದು ಚನ್ನಪಟ್ಟಣದ ಬುಗುರಿಯನ್ನು ಅರ್ಧ ಹೂತಿಟ್ಟೆ. ಅರಗಿನ ಬಣ್ಣ ಬಳಿದ ಮರ ಎಷ್ಟು ನುಣುಪು ಅಂತ ನಿಮಗೇ ಗೊತ್ತಲ್ಲ, ಅಂಚು ಇಲ್ಲ, ಚುಚ್ಚೋದಿಲ್ಲ. ಎರಡು ಬೆರಳಲ್ಲಿ ಎಳೆದುಕೊಂಡ. ಮಾರನೇ ದಿನ ಮುಕ್ಕಾಲು ಹೂತೆ. ಇವತ್ತು ಮೊಣಕೈವರೆಗೆ ಕೈ ಮುಳುಗಿಸಿ, ಕಣ್ಣು ಅರ್ಧ ಮುಚ್ಚಿ ಕೂರುತ್ತಾನೆ. (ಚನ್ನಪಟ್ಟಣದ್ದು ಅಂತ ಗಿಲಕಿ ತರಬೇಡಿ ಮತ್ತೆ.)

ಸಾಕಾಯಿತು ಅಂತ ಅವನು ಬಾಯಲ್ಲಿ ಹೇಳಲ್ಲ, ಬೆರಳಲ್ಲಿ ಹೇಳುತ್ತಾನೆ. ಬೆರಳೆಲ್ಲ ಅಗಲಿಸಿ ಅಂಗೈ ಮೇಲೆತ್ತಿದರೆ, ಅಂಗಿಗೆ ಕೈ ಒರೆಸಿಕೊಂಡರೆ, ಕಾಲಿನ ಹೆಬ್ಬೆರಳು ಒಳಕ್ಕೆ ಮಡಚಿದರೆ, ಅವತ್ತಿಗೆ ಮುಗಿಯಿತು. ಹತ್ತು ನಿಮಿಷ ಆಗಿರಲಿ, ಎರಡೇ ಆಗಿರಲಿ. ಪಕ್ಕದಲ್ಲೇ ಒದ್ದೆ ಬಟ್ಟೆ ಇಟ್ಟಿರುತ್ತೇನೆ. ಒರೆಸಿಕೊಳ್ಳೋಕೆ ದಾರಿ ಇದೆ ಅಂತ ಗೊತ್ತಿದ್ದರೆ ಮುಟ್ಟೋ ಧೈರ್ಯ ಜಾಸ್ತಿ. ಅಂಗೈ ಬೆವರಿದ ದಿನ ರಾಗಿ ಮೆತ್ತಿಕೊಳ್ಳುತ್ತೆ, ಆ ದಿನ ಟಬ್ಬು ತೆಗೆಯೋದೇ ಇಲ್ಲ. ಕಡಲೆ, ಬಟಾಣಿ ಹಾಕಬೇಡಿ. ಮೂಗಿಗೆ ತುರುಕಿಕೊಂಡರೆ ಒಳಗೇ ಊದುತ್ತವೆ. ರಾಗಿ ತಾನೇ ಅಂತಲೂ ಮಗುವನ್ನು ಒಂಟಿಯಾಗಿ ಬಿಡಬೇಡಿ.

ಊದೋದು ಅಂದಾಗ ನೆನಪಾಯಿತು. ನೀರಲ್ಲಿ ನೆನೆಸಿದರೆ ದ್ರಾಕ್ಷಿಯಷ್ಟಾಗುವ ಬಣ್ಣದ ಗುಂಡುಗಳನ್ನು "ಸೆನ್ಸರಿ ಆಟಿಕೆ", ಅಂದರೆ ಮುಟ್ಟಿ, ನೋಡಿ ಅನುಭವಿಸುವ ಆಟಿಕೆ ಅಂತ ಮಾರುತ್ತಾರೆ. ಒಂದು ನುಂಗಿದರೂ ಅದು ಕರುಳಲ್ಲಿ ಊದಿ ದಾರಿ ಕಟ್ಟಬಹುದು. ಎಕ್ಸ್‌ರೇಯಲ್ಲಿ ಕಾಣಿಸೋದೂ ಕಷ್ಟ. ಡಬ್ಬದ ಮೇಲೆ ಸೆನ್ಸರಿ ಅಂತ ಬರೆದಿದ್ದರೆ ನಾನೀಗ ಇನ್ನೂ ಜಾಸ್ತಿ ಅನುಮಾನ ಪಡುತ್ತೇನೆ.

ನಿನ್ನೆ ಗೆದ್ದ ಉಡುಗೊರೆ ಮಹಡಿ ಮನೆಯ ಅಕ್ಕನದು. ಅವರು ಧಾರವಾಡದ ಕಡೆಯವರು. ಸದ್ದಿಲ್ಲದೆ ಬಂದು ಒಂದು ಕೌದಿ ಮಡಚಿ ಸೋಫಾ ಮೇಲಿಟ್ಟು, "ನಮ್ಮವ್ವನ ಹಳೇ ಸೀರೀರಿ, ಒಗದು ಒಗದು ಮೆತ್ತಗಾಗ್ಯಾವ" ಅಂದು ಹೋದರು. ಮುಟ್ಟಿ ನೋಡಿದೆ. ಹೊಸ ಬಟ್ಟೆಯ ಗಂಜಿ ಇಲ್ಲ, ಜರಿ ಇಲ್ಲ, ಕುತ್ತಿಗೆ ಕೆರೆಯುವ ಲೇಬಲ್ ಇಲ್ಲ. ಪದರ ಪದರ ಸೀರೆ, ಒಳ್ಳೇ ಭಾರ. ಮಂಚದ ಕೆಳಗಿಂದ ಬಂದ ಮಗ ಅದನ್ನು ಕಾಲ ಮೇಲೆ ಎಳೆದುಕೊಂಡು, ಹೊಲಿಗೆಯ ಸಾಲಿನ ಮೇಲೆ ಬೆರಳಾಡಿಸುತ್ತಾ ಕೂತ. ಗುನುಗು ನಿಂತಿತು.

ಭಾರದ ಕಂಬಳಿ ಅಂತ ಅಂಗಡಿಯಲ್ಲಿ ಸಾವಿರಾರು ರೂಪಾಯಿಗೆ ಸಿಗುತ್ತೆ, ಒಳ್ಳೇ ನಿದ್ದೆ ಬರುತ್ತೆ ಅಂತ ಹೇಳಿ ಮಾರುತ್ತಾರೆ. ಬ್ರಿಟನ್ನಿನಲ್ಲಿ ಆಟಿಸಂ ಇರುವ ಮಕ್ಕಳ ಮೇಲೆ ನಡೆಸಿ 2014ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ನಿದ್ದೆಯೇನೂ ಹೆಚ್ಚಲಿಲ್ಲ. ಆದರೆ ಮಕ್ಕಳಿಗೆ ಆ ಕಂಬಳಿ ಇಷ್ಟವಾಗಿತ್ತು. ನನಗೆ ಅಷ್ಟು ಸಾಕು. ಭಾರ ಮಗುವಿನ ತೂಕದ ಹತ್ತರಲ್ಲಿ ಒಂದು ಪಾಲು ಅನ್ನೋದು ವಾಡಿಕೆ ಲೆಕ್ಕ. ಪುಟ್ಟ ಇಪ್ಪತ್ತು ಕೆಜಿ, ಹಾಗಾಗಿ ಎರಡು. ಕೌದಿಯನ್ನೂ ತಕ್ಕಡಿಗೆ ಹಾಕಿದೆ, ಎರಡಕ್ಕೆ ಸ್ವಲ್ಪ ಕಡಿಮೆ. ಅವನೇ ಒದ್ದು ತೆಗೆಯುವ ಹಾಗಿರಬೇಕು, ಮುಖದ ಮೇಲೆ ಬರಬಾರದು. ರಾತ್ರಿ ಅವನಿಗೆ ನಿದ್ದೆ ಬಂದ ಮೇಲೆ ನಾನು ತೆಗೆದುಬಿಡುತ್ತೇನೆ.

ಇವತ್ತು ಬೆಳಿಗ್ಗೆ ಪುಟ್ಟ ಜೀಪನ್ನು ತಲೆಕೆಳಗು ಮಾಡಿ, ಕೌದಿ ಮೇಲಿಟ್ಟು, ಒಂದು ಚಕ್ರವನ್ನು ಇಪ್ಪತ್ತು ನಿಮಿಷ ತಿರುಗಿಸಿದ. ಚಿಕ್ಕಪ್ಪನಿಗೆ ಫೋಟೋ ಕಳಿಸಿದೆ. "ನೋಡಿದ್ಯಾ, ಇಷ್ಟ ಆಯ್ತು, ಅಭ್ಯಾಸ ಆಯ್ತು!" ಅಂತ ಉತ್ತರ ಬಂತು. ಅದರ ಮೂರು ಬ್ಯಾಟರಿ ಈಗ ನಮ್ಮ ಗೋಡೆ ಗಡಿಯಾರ ಮತ್ತು ಟಿವಿ ರಿಮೋಟಿನಲ್ಲಿವೆ.