ಬಯೋ ಓದಿದವರು ಹೋಮ್‌ಸ್ಟೇ ಅಂದರು

ಅಕ್ಕನ ಮಗಳು ಹೊಸನಗರದ ಹತ್ತಿರದ ಊರಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತಾಳೆ. ಹೋದ ತಿಂಗಳು ಇನ್‌ಸ್ಟಾಗ್ರಾಂ ಖಾತೆ ತೆರೆದಳು. "ಮಾವ, ಬಯೋ ಬರ್ದಾಯ್ತು, ಹೇಗಿದೆ ನೋಡಿ" ಅಂತ ಕಳಿಸಿದಳು.

"ಮಲೆನಾಡಿನ ಮಣ್ಣಿನ ಕಂಪು. ಅಜ್ಜಿಯ ಕೈರುಚಿ, ಅಮ್ಮನ ಅಕ್ಕರೆ. ಹಸಿರ ಮಡಿಲಿಂದ ನಿಮ್ಮ ಮನೆಗೆ."

ಚೆನ್ನಾಗಿದೆ ಅಂದೆ. ತಪ್ಪು ಮಾಡಿದ್ದೇ ಅಲ್ಲಿ. ಅವಳು ಏನು ಮಾರುತ್ತಾಳೆ ಅಂತ ನನಗೆ ಮೊದಲೇ ಗೊತ್ತು. ಬಯೋದಲ್ಲಿ ಇಲ್ಲದ್ದನ್ನು ನನ್ನ ತಲೆಯೇ ಸೇರಿಸಿಕೊಂಡು ಓದಿತ್ತು. ಬಯೋ ಅರ್ಥವಾಗುತ್ತೋ ಇಲ್ಲವೋ ಅಂತ ಪರೀಕ್ಷೆ ಮಾಡೋಕೆ ಮನೆಯವರು, ನೆಂಟರು, ಗೆಳೆಯರು ಆಗಿಬರೋದಿಲ್ಲ.

ನನ್ನದು ಶಿವಮೊಗ್ಗ ಬಸ್ ಸ್ಟ್ಯಾಂಡ್ ಹತ್ತಿರ ಡಿಟಿಪಿ, ಝೆರಾಕ್ಸ್ ಅಂಗಡಿ. ಗುರುತಿಲ್ಲದ ಜನಕ್ಕೆ ಬರವಿಲ್ಲ. ಪ್ರಿಂಟ್ ಬರೋವರೆಗೆ ಸುಮ್ನೆ ನಿಂತಿರುತ್ತಾರೆ. ಅಂಥ ನಾಲ್ಕು ಜನಕ್ಕೆ ನನ್ನ ಫೋನಲ್ಲಿ ಅವಳ ಪುಟ ತೋರಿಸಿದೆ. ಮನಸ್ಸಲ್ಲೇ ಹತ್ತು ಎಣಿಸಿ ಫೋನ್ ವಾಪಸ್ ತೆಗೆದುಕೊಂಡೆ. ಆಮೇಲೆ ಮೂರೇ ಪ್ರಶ್ನೆ. ಇವರು ಏನು ಮಾಡ್ತಾರೆ? ಎಲ್ಲಿಯವರು? ನಿಮಗೆ ಬೇಕು ಅನ್ಸಿದ್ರೆ ಏನು ಮಾಡ್ತೀರಿ?

"ಹೇಗಿದೆ?" ಅಂತ ಕೇಳಬಾರದು. ಎದುರಿಗಿದ್ದವರು ಚೆನ್ನಾಗಿದೆ ಅಂತಲೇ ಹೇಳುತ್ತಾರೆ. "ಉಪ್ಪಿನಕಾಯಿ ಅಂತ ಗೊತ್ತಾಯ್ತಾ?" ಅಂತಲೂ ಕೇಳಬಾರದು, ಉತ್ತರ ನಾವೇ ಬಾಯಿಗಿಟ್ಟ ಹಾಗಾಗುತ್ತದೆ. ಅವರು ಹೇಳಿದ ಮಾತನ್ನು ಹಾಗೇ ಬರೆದಿಟ್ಟುಕೊಳ್ಳಬೇಕು.

ನಾನು ಬರೆದುಕೊಂಡದ್ದು ಹೀಗಿದೆ. ಇಬ್ಬರು "ಹೋಮ್‌ಸ್ಟೇ ಅಲ್ವಾ?" ಅಂದರು. ಒಬ್ಬರು "ಗಿಡಮೂಲಿಕೆ ಏನೋ ಇರ್ಬೇಕು". ನಾಲ್ಕನೆಯವರು ಹುಡುಗಿ, "ಅಡುಗೆ ವಿಡಿಯೋ ಹಾಕ್ತಾರೆ" ಅಂದಳು. ಒಬ್ಬರ ಬಾಯಲ್ಲೂ ಉಪ್ಪಿನಕಾಯಿ ಬರಲಿಲ್ಲ. ಒಬ್ಬರು ತಪ್ಪು ಹೇಳಿದರೆ ಅವರ ಗಮನ ಬೇರೆಲ್ಲೋ ಇತ್ತು ಅನ್ನಬಹುದು. ಇಬ್ಬರು ಒಂದೇ ತಪ್ಪು ಹೇಳಿದರೆ ತಪ್ಪು ಬಯೋದ್ದೇ.

ಆ ಪಟ್ಟಿ ಕಳಿಸಿದೆ. ಅವಳಿಗೆ ಬೇಜಾರಾಯ್ತು, ಪಾಪ. ಎರಡು ದಿನ ಬಿಟ್ಟು ಕೂತು ಬೇರೆ ಬರೆದೆವು:

"ಅಪ್ಪೆಮಿಡಿ ಉಪ್ಪಿನಕಾಯಿ, ಮನೆಯಲ್ಲೇ ಮಾಡಿದ್ದು. ಹೊಸನಗರದಿಂದ ಕರ್ನಾಟಕ ಪೂರ್ತಿ ಪಾರ್ಸೆಲ್. ಆರ್ಡರ್‌ಗೆ ಕೆಳಗಿನ ವಾಟ್ಸಾಪ್ ಲಿಂಕ್ ಒತ್ತಿ."

ಇನ್‌ಸ್ಟಾಗ್ರಾಂ ಬಯೋಗೆ 150 ಅಕ್ಷರ ಮಾತ್ರ. ಕನ್ನಡದಲ್ಲಿ ಬರೆಯುವವರು ಇಲ್ಲಿ ಎಡವುತ್ತಾರೆ. "ಉಪ್ಪಿನಕಾಯಿ" ನಮ್ಮ ಕಣ್ಣಿಗೆ ಐದಕ್ಷರ. ಕಂಪ್ಯೂಟರಿಗೆ ಗುಣಿತ, ಒತ್ತು ಎಲ್ಲ ಬೇರೆ ಬೇರೆ ಲೆಕ್ಕ, ಒಟ್ಟು ಹತ್ತು. ಹಾಗಾಗಿ ಅಕ್ಕರೆ, ಮಡಿಲು ಎಲ್ಲ ತುಂಬಿಸಿದರೆ ವಾಟ್ಸಾಪ್ ಲಿಂಕ್ ಒತ್ತಿ ಅನ್ನೋಕೆ ಜಾಗ ಉಳಿಯೋದಿಲ್ಲ.

ಎರಡನೇ ಸಲ ಹೊಸ ನಾಲ್ಕು ಜನ. ಒಮ್ಮೆ ನೋಡಿದವರನ್ನು ಮತ್ತೆ ಕೇಳಿ ಉಪಯೋಗವಿಲ್ಲ, ಅವರು ಈಗ ಹೊಸಬರಲ್ಲ. ಮೂವರು ಸರಿಯಾಗಿ ಹೇಳಿದರು. ಒಬ್ಬರು ಮಾತ್ರ "ಹೋಮ್‌ಸ್ಟೇನವರು, ಉಪ್ಪಿನಕಾಯೂ ಮಾರ್ತಾರೆ" ಅಂದರು! ಬಯೋದಲ್ಲಿ ಹಾಗೇನಿಲ್ಲ. ಆಗ ಕಣ್ಣಿಗೆ ಬಿದ್ದದ್ದು ಪ್ರೊಫೈಲ್ ಫೋಟೋ. ಹಂಚಿನ ಮನೆ, ಹಿಂದೆ ಅಡಿಕೆ ತೋಟ. ಓದೋಕೆ ಮೊದಲೇ ಫೋಟೋ ಉತ್ತರ ಹೇಳಿಬಿಟ್ಟಿತ್ತು. ಬಯೋ ಜೊತೆಗೇ ಫೋಟೋನೂ ಬದಲಿಸಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ. ಈಗ ಅಲ್ಲಿ ಉಪ್ಪಿನಕಾಯಿ ಭರಣಿ ಇದೆ.

ಸರಿಯಾಗಿ ಹೇಳಿದವರಲ್ಲೂ ದಾವಣಗೆರೆ ಕಡೆಯ ಒಬ್ಬರು "ಅಪ್ಪೆಮಿಡಿ ಅಂದ್ರೇನು ಸಾರ್?" ಅಂದರು. ನಾವು ದಿನಾ ಬಾಳೆಲೆ ತುದಿಯಲ್ಲಿ ನೋಡುವ ವಸ್ತು, ಮಲೆನಾಡಿನ ಹೊರಗಿನವರಿಗೆ ಬಿಡಿಸಿ ಹೇಳಬೇಕು ಅಂತ ಹೊಳೆದೇ ಇರಲಿಲ್ಲ. "ಅಪ್ಪೆ ಮಾವಿನಮಿಡಿ" ಅಂತ ಮಾಡಿದೆವು. ಮಾವಿನಮಿಡಿ ಅಂದರೆ ಎಲ್ಲರಿಗೂ ಗೊತ್ತು.

ರೇಟ್ ಎಷ್ಟು ಅಂತ ಇಬ್ಬರು ಕೇಳಿದರು. ಅದನ್ನು ಬೇಕಂತಲೇ ಬಯೋಗೆ ಹಾಕಲಿಲ್ಲ. ಫಸಲು ನೋಡಿ ರೇಟ್ ಏರುತ್ತದೆ, ಇಳಿಯುತ್ತದೆ. ಪುಟದ ಮೇಲ್ಗಡೆ ಪಿನ್ ಮಾಡಿದ ಪೋಸ್ಟಲ್ಲಿ ಹಾಕಿದಳು.

ಇಷ್ಟರಿಂದ ವ್ಯಾಪಾರ ಆಗುತ್ತಾ ಅಂತ ಕೇಳಬೇಡಿ. ಈ ಪರೀಕ್ಷೆ ಹೇಳೋದು ಅರ್ಥವಾಯ್ತೋ ಇಲ್ಲವೋ ಅನ್ನೋದನ್ನ ಮಾತ್ರ. ಕೊಳ್ಳುವ ಮನಸ್ಸಿದೆಯೋ ಇಲ್ಲವೋ ಅದರಲ್ಲಿ ಕಾಣೋದಿಲ್ಲ. ಅಲ್ಲದೆ ಅಂಗಡಿಯಲ್ಲಿ ನಿಂತವರು ನಾನು ಕೊಟ್ಟೆ ಅಂತ ಗಮನವಿಟ್ಟು ಓದುತ್ತಾರೆ. ಬಸ್ಸಲ್ಲಿ ಕೂತು ಫೋನ್ ತಿಕ್ಕುವವರು ಅಷ್ಟೂ ಓದೋದಿಲ್ಲ. ನನ್ನ ಅಂಗಡಿಯಲ್ಲೇ ಮುಗ್ಗರಿಸಿದ ಬಯೋ ಅಲ್ಲಿ ಖಂಡಿತ ಮುಗ್ಗರಿಸುತ್ತದೆ.

ಅಜ್ಜಿಯ ಕೈರುಚಿ ಸಾಲು ಬಿಡೋಕೆ ಅವಳಿಗೆ ಮನಸ್ಸಿರಲಿಲ್ಲ. ಬಾಟಲಿ ಲೇಬಲ್‌ಗೆ ಹಾಕಿಸಿಕೊಂಡಳು. 200 ಲೇಬಲ್ ನಾನೇ ಪ್ರಿಂಟ್ ಹಾಕಿಕೊಟ್ಟೆ, ದುಡ್ಡು ಇನ್ನೂ ಬಂದಿಲ್ಲ.